ಹದಿಹರೆಯ: ಬೆಳವಣಿಗೆಯ ಎರಡನೆಯ ಅವಕಾಶ ಮತ್ತು ಅದರ ಮಿತಿ
(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಗು ಗರ್ಭದಲ್ಲಿರುವಾಗಿನಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸುಮಾರು ಸಾವಿರ ದಿನಗಳಲ್ಲಿ ಸರಿಯಾದ ಆಹಾರ ಸಿಗದಿದ್ದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದನ್ನು ಅಂಗನವಾಡಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ನಾವು ಕೇಳುತ್ತಾ ಬಂದಿದ್ದೇವೆ. ಈ ಮಾತು ಸತ್ಯ. ಆದರೆ ಇದರಿಂದ ಅನೇಕರು ಇನ್ನೊಂದು ತೀರ್ಮಾನಕ್ಕೂ ಬಂದಿದ್ದಾರೆ. ಎರಡು ವರ್ಷದೊಳಗೆ ಹಿಂದುಳಿದ ಮಗು ಜೀವಮಾನವಿಡೀ ಹಿಂದುಳಿಯುತ್ತದೆ, ಆಮೇಲೆ ಏನು ತಿನ್ನಿಸಿದರೂ ಪ್ರಯೋಜನವಿಲ್ಲ ಎಂಬುದೇ ಆ ತೀರ್ಮಾನ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಂದು ಪರಿಶೀಲಿಸೋಣ.

ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಕೆನೆಬಾ ಎಂಬ ಹಳ್ಳಿಯಿದೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಅಲ್ಲಿಯ ಮಕ್ಕಳ ಎತ್ತರ ಮತ್ತು ತೂಕವನ್ನು ದಶಕಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಈ ದಾಖಲೆಗಳನ್ನೂ ಭಾರತ, ಬ್ರೆಜಿಲ್, ಗ್ವಾಟೆಮಾಲ, ಫಿಲಿಪ್ಪೀನ್ಸ್ ಹಾಗೂ ದಕ್ಷಿಣ ಆಫ್ರಿಕಾಗಳ ಮಾಹಿತಿಯನ್ನೂ ಒಟ್ಟುಗೂಡಿಸಿ ಆ್ಯಂಡ್ರ್ಯೂ ಪ್ರೆಂಟಿಸ್ ಮತ್ತು ಅವರ ಸಂಗಡಿಗರು 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎರಡು ವರ್ಷದ ನಂತರವೂ, ಮುಂದೆ ಹದಿಹರೆಯದಲ್ಲಿಯೂ ಮಕ್ಕಳು ಕಳೆದುಕೊಂಡ ಎತ್ತರದ ಗಣನೀಯ ಭಾಗವನ್ನು ಮರಳಿ ಪಡೆಯುತ್ತಾರೆ, ವಿಶೇಷ ಯೋಜನೆಗಳಿಲ್ಲದಿದ್ದರೂ ಇದು ನಡೆಯುತ್ತದೆ ಎಂಬುದು ಅವರು ಕಂಡ ವಿಷಯ. ಕೆನೆಬಾದ ಹೆಣ್ಣುಮಕ್ಕಳಲ್ಲಿ ಇದು ವಿಶೇಷವಾಗಿ ಎದ್ದು ಕಂಡಿತು. ಸಾವಿರ ದಿನಗಳ ಮಹತ್ವವನ್ನು ಅವರು ಅಲ್ಲಗಳೆಯಲಿಲ್ಲ. ಅದರಾಚೆ ಬಾಗಿಲು ಮುಚ್ಚಿತೆಂಬ ಭಾವನೆಯನ್ನು ಮಾತ್ರ ತಿದ್ದಿದರು.

ಇದು ಹೇಗೆ ಸಾಧ್ಯ? ನಮ್ಮ ಕೈಕಾಲುಗಳ ಉದ್ದ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ತೆಳುವಾದ ಪಟ್ಟಿಯಿರುತ್ತದೆ. ಎತ್ತರ ಹೆಚ್ಚುವುದು ಅಲ್ಲಿಂದಲೇ. ಪ್ರೌಢಾವಸ್ಥೆಯ ಕೊನೆಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ, ಗಂಡುಮಕ್ಕಳಲ್ಲಿಯೂ ಸಹ, ಆ ಪಟ್ಟಿ ಗಟ್ಟಿ ಎಲುಬಾಗಿ ಮಾರ್ಪಡುತ್ತದೆ. ಅಲ್ಲಿಗೆ ಎತ್ತರದ ಬೆಳವಣಿಗೆ ಮುಗಿಯಿತು. ಹಸಿವಿನಲ್ಲಿ ಬೆಳೆದ ಮಗುವಿನ ಎಲುಬು ವಯಸ್ಸಿಗಿಂತ ಹಿಂದೆ ಉಳಿದಿರುತ್ತದೆ. ಹನ್ನೆರಡು ವರ್ಷದ ಬಾಲಕಿಯ ಎಲುಬು ಹತ್ತು ವರ್ಷದವಳ ಎಲುಬಿನಂತಿರಬಹುದು. ಅವಳು ತಡವಾಗಿ ಮೈನೆರೆಯುತ್ತಾಳೆ, ಆದ್ದರಿಂದ ಓರಗೆಯವರ ಬೆಳವಣಿಗೆ ನಿಂತ ಮೇಲೂ ಅವಳದು ಮುಂದುವರಿಯುತ್ತದೆ. ಎರಡನೆಯ ಅವಕಾಶವೆಂದರೆ ಮುಖ್ಯವಾಗಿ ಈ ಹೆಚ್ಚುವರಿ ಕಾಲಾವಕಾಶವೇ. ವಯಸ್ಕರ ಎತ್ತರದ ಸುಮಾರು 15ರಿಂದ 20 ಶೇಕಡಾ, ತೂಕದ ಸರಿಸುಮಾರು ಅರ್ಧದಷ್ಟು ಹದಿಹರೆಯದಲ್ಲಿ ಸೇರುತ್ತದೆ ಎಂಬುದನ್ನು ಗಮನಿಸಿದರೆ ಈ ಅವಧಿಯ ಆಹಾರಕ್ಕೆ ಎಷ್ಟು ಬೆಲೆಯಿದೆ ಎಂಬುದು ತಿಳಿಯುತ್ತದೆ.

ಆದರೆ ಇಲ್ಲಿ ಲೆಕ್ಕದ ಒಂದು ಮೋಸವಿದೆ. ಒಂದು ಉದಾಹರಣೆ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಂತೆ ಐದು ವರ್ಷದ ಬಾಲಕಿಯ ಮಧ್ಯಮ ಎತ್ತರ 109.4 ಸೆಂಟಿಮೀಟರ್. 99.9ಕ್ಕಿಂತ ಕಡಿಮೆಯಿದ್ದರೆ ಅವಳ ಬೆಳವಣಿಗೆ ಕುಂಠಿತವೆಂದು ಪರಿಗಣಿಸಲಾಗುತ್ತದೆ. ಒಬ್ಬ ಬಾಲಕಿ ಆ ವಯಸ್ಸಿನಲ್ಲಿ 99.4 ಇದ್ದಾಳೆಂದು ಇಟ್ಟುಕೊಳ್ಳೋಣ. ಅಂದರೆ ಹತ್ತು ಸೆಂಟಿಮೀಟರ್ ಕೊರತೆ, ಅವಳು ಕುಂಠಿತರ ಪಟ್ಟಿಯಲ್ಲಿದ್ದಾಳೆ. ಹತ್ತನೆಯ ವಯಸ್ಸಿಗೆ ಮಧ್ಯಮ ಎತ್ತರ 138.6, ಗಡಿ 125.8. ಅವಳು ಈಗ 128.6 ಇದ್ದರೆ ಗಡಿಯನ್ನು ದಾಟಿದ್ದಾಳೆ, ಪಟ್ಟಿಯಿಂದ ಅವಳ ಹೆಸರು ಹೊರಬಿದ್ದಿದೆ. ಆದರೆ ಕೊರತೆ? ಅದೇ ಹತ್ತು ಸೆಂಟಿಮೀಟರ್! ವಯಸ್ಸು ಹೆಚ್ಚಿದಂತೆ ಆರೋಗ್ಯವಂತ ಮಕ್ಕಳ ನಡುವಿನ ಎತ್ತರದ ವ್ಯತ್ಯಾಸವೂ ಹೆಚ್ಚುವುದರಿಂದ ಗಡಿ ಮಧ್ಯಮದಿಂದ ದೂರ ಸರಿಯುತ್ತದೆ, ಅಷ್ಟೇ. ಹೀಗಾಗಿ "ಇಷ್ಟು ಶೇಕಡಾ ಮಕ್ಕಳು ಚೇತರಿಸಿಕೊಂಡರು" ಎಂಬ ವರದಿ ಕಂಡಾಗ ಸೆಂಟಿಮೀಟರಿನಲ್ಲಿ ಕೊರತೆ ತಗ್ಗಿದೆಯೇ ಎಂದು ಕೇಳಬೇಕು. ಈ ಆಕ್ಷೇಪವನ್ನು ಪೋಷಣಾ ತಜ್ಞರೇ ಎತ್ತಿದ್ದಾರೆ.

ಅದೇ ಬಾಲಕಿಯನ್ನು ಹದಿಮೂರನೆಯ ವಯಸ್ಸಿನಲ್ಲಿ ನೋಡಿರಿ. ಮಧ್ಯಮ ಎತ್ತರ 156.4 ಇದ್ದರೆ ಅವಳು 141ರಲ್ಲಿ ಇದ್ದಾಳೆ. ಕೊರತೆ ಹದಿನೈದಕ್ಕೇರಿದೆ. ಮನೆಯವರು ಕಂಗಾಲಾಗುತ್ತಾರೆ, ನೆರೆಹೊರೆಯವರು ಮಾತನಾಡುತ್ತಾರೆ. ವಾಸ್ತವದಲ್ಲಿ ಓರಗೆಯವರ ಬೆಳವಣಿಗೆಯ ನೆಗೆತ ಮುಗಿಯುತ್ತಾ ಬಂದಿದೆ, ಅವಳದು ಇನ್ನೂ ಆರಂಭವಾಗುತ್ತಿದೆ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಸರಿಯಾದ ಆಹಾರ ಸಿಕ್ಕರೆ ಅವಳು 153ನ್ನು ಮುಟ್ಟಬಹುದು. ಸಿಗದಿದ್ದರೆ 147ಕ್ಕೇ ನಿಲ್ಲಬಹುದು. ನಮ್ಮ ದೇಶದಲ್ಲಿ 145 ಸೆಂಟಿಮೀಟರಿಗಿಂತ ಗಿಡ್ಡವಿರುವ ತಾಯಿಯ ಹೆರಿಗೆಯನ್ನು ಹೆಚ್ಚು ಅಪಾಯದ್ದೆಂದು ಪರಿಗಣಿಸುತ್ತಾರೆ. ಆದ್ದರಿಂದ ಈ ಕೆಲವು ಸೆಂಟಿಮೀಟರುಗಳು ಅಂದಚಂದದ ಪ್ರಶ್ನೆಯಲ್ಲ. ಅವು ಅವಳ ಹೆರಿಗೆಯ ಮತ್ತು ಅವಳ ಮಗುವಿನ ಪ್ರಶ್ನೆ.

ಹಾಗಾದರೆ ಆಹಾರ ಸುಧಾರಿಸಿದೊಡನೆ ಎಲ್ಲವೂ ಸರಿಯಾಗುತ್ತದೆಯೇ? ಇದಕ್ಕೆ ಉತ್ತರ ಸ್ವೀಡನ್ ದೇಶದಿಂದ ಬಂದಿದೆ. ಭಾರತದಿಂದ ಅಲ್ಲಿಗೆ ದತ್ತು ಹೋದ 107 ಹೆಣ್ಣುಮಕ್ಕಳನ್ನು ಲೆಮ್ ಪ್ರೂಸ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು ಅಧ್ಯಯನ ಮಾಡಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಮಕ್ಕಳಲ್ಲಿ ಹೆಚ್ಚಿನವರು ಬೆಳವಣಿಗೆ ಕುಂಠಿತರಾಗಿಯೇ ಸ್ವೀಡನ್ ತಲುಪಿದ್ದರು. ಸಮೃದ್ಧ ಆಹಾರ ಸಿಕ್ಕಿದಾಗ ವೇಗವಾಗಿ ಬೆಳೆದರು. ಆದರೆ ಅವರು ಬೇಗನೆ ಮೈನೆರೆದರು, ಮಧ್ಯಮ ವಯಸ್ಸು 11.6 ವರ್ಷ. ಬಹಳ ಕುಂಠಿತರಾಗಿ ಬಂದು ಬಹಳ ವೇಗವಾಗಿ ಬೆಳೆದವರೇ ಎಲ್ಲರಿಗಿಂತ ಮೊದಲು ಮೈನೆರೆದರು. ಎಲುಬಿನ ಪಟ್ಟಿ ಬೇಗನೆ ಮುಚ್ಚಿತು. ಕೊನೆಗೆ ಅವರ ಸರಾಸರಿ ಎತ್ತರ 154 ಸೆಂಟಿಮೀಟರಿಗೆ ನಿಂತಿತು. ಬಾಲ್ಯದಲ್ಲಿ ಗಳಿಸಿದ್ದರ ಒಂದು ಭಾಗವನ್ನು ಹದಿಹರೆಯದಲ್ಲಿ ಕಳೆದುಕೊಂಡಂತಾಯಿತು. ದತ್ತು ಮಕ್ಕಳ ಜನ್ಮದಿನ ಯಾವಾಗಲೂ ಖಚಿತವಾಗಿರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಆದರೂ ಪಾಠ ಸ್ಪಷ್ಟವಿದೆ. ಕೆನೆಬಾದಲ್ಲಿ ಕಾಲಾವಕಾಶ ಉದ್ದವಾಗಿತ್ತು, ಆಹಾರ ಸಾಲದಾಗಿತ್ತು. ಸ್ವೀಡನ್ನಿನಲ್ಲಿ ಆಹಾರ ಬೇಕಾದಷ್ಟಿತ್ತು, ಕಾಲಾವಕಾಶ ಮೊಟಕಾಯಿತು. ಎರಡನ್ನೂ ಸೇರಿಸಿಕೊಳ್ಳಬೇಕಾದರೆ ಮಗು ಹದಿಹರೆಯಕ್ಕೆ ಬರುವವರೆಗೆ ಕಾಯಬಾರದು. ಆರೇಳು ವರ್ಷದಿಂದಲೇ ನಿಯಮಿತವಾಗಿ ಒಳ್ಳೆಯ ಆಹಾರ ಸಿಗಬೇಕು. ಇದ್ದಕ್ಕಿದ್ದಂತೆ ಕೊಬ್ಬು ಸಕ್ಕರೆಗಳನ್ನು ತುಂಬಿ ದಪ್ಪ ಮಾಡುವುದು ಪೋಷಣೆಯಲ್ಲ. ಎತ್ತರ ಏರದೆ ಸೊಂಟದ ಸುತ್ತಳತೆ ಮಾತ್ರ ಏರುತ್ತಿದ್ದರೆ ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಮಾಡಿಕೊಟ್ಟಂತೆ.

ಬುದ್ಧಿಶಕ್ತಿಯ ವಿಷಯವೇನು? ಇಥಿಯೋಪಿಯಾ, ಪೆರು, ವಿಯೆಟ್ನಾಂ ಮತ್ತು ನಮ್ಮ ಆಂಧ್ರಪ್ರದೇಶದ ಮಕ್ಕಳನ್ನು ವರ್ಷಗಳ ಕಾಲ ಅನುಸರಿಸಿದ 'ಯಂಗ್ ಲೈವ್ಸ್' ಅಧ್ಯಯನದ ಮಾಹಿತಿಯನ್ನು 2014ರಲ್ಲಿ ವಿಶ್ಲೇಷಿಸಿದಾಗ, ಎಂಟನೆಯ ವಯಸ್ಸಿನಲ್ಲಿ ಕುಂಠಿತರಾಗಿದ್ದವರಲ್ಲಿ ಶೇಕಡಾ 36 ಮಂದಿ ಹದಿನೈದರ ವೇಳೆಗೆ ಓರಗೆಯವರನ್ನು ಸಮೀಪಿಸಿದ್ದರು. ಚೇತರಿಸಿದವರ ಕಲಿಕೆಯ ಕೊರತೆ, ಚೇತರಿಸದವರಿಗಿಂತ ಕಡಿಮೆಯಿತ್ತು. ಆದರೆ ಕೊರತೆ ಪೂರ್ಣವಾಗಿ ಅಳಿಯಲಿಲ್ಲ. ಎತ್ತರ ಹೆಚ್ಚಿದ್ದರಿಂದಲೇ ಕಲಿಕೆ ಸುಧಾರಿಸಿತೆಂದೂ ಹೇಳಲಾಗದು, ಮನೆಯ ಸ್ಥಿತಿ ಸುಧಾರಿಸಿದಾಗ ಎರಡೂ ಒಟ್ಟಿಗೆ ಸುಧಾರಿಸಿರಬಹುದು.

ಇನ್ನು ನಮ್ಮ ಮನೆಗಳ ಕಡೆ ಬರೋಣ. ಮೊದಲನೆಯದಾಗಿ ಮಗುವನ್ನು ಅಳೆಯಿರಿ. ಆರು ತಿಂಗಳಿಗೊಮ್ಮೆ, ದಿನದ ಒಂದೇ ಹೊತ್ತಿನಲ್ಲಿ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ಪುಸ್ತಕವಿಟ್ಟು ಗುರುತು ಮಾಡಿರಿ. ತಿಂಗಳಿಗೊಮ್ಮೆ ಅಳೆದರೆ ಅಳತೆಯ ತಪ್ಪೇ ಬೆಳವಣಿಗೆಯಂತೆ ಕಾಣುತ್ತದೆ. ಪ್ರೌಢಾವಸ್ಥೆಗೆ ಮೊದಲು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಸಹಜ. ನಾಲ್ಕಕ್ಕಿಂತ ಕಡಿಮೆಯಿದ್ದರೆ ವೈದ್ಯರಿಗೆ ತೋರಿಸಬೇಕು. ಹದಿಮೂರಾದರೂ ಹೆಣ್ಣುಮಗಳಲ್ಲಿ ಪ್ರೌಢತೆಯ ಯಾವ ಚಿಹ್ನೆಯೂ ಕಾಣದಿದ್ದರೆ, ಹದಿನೈದಾದರೂ ಮೈನೆರೆಯದಿದ್ದರೆ, ಗಂಡುಮಗುವಿನಲ್ಲಿ ಹದಿನಾಲ್ಕಾದರೂ ಬದಲಾವಣೆ ಕಾಣದಿದ್ದರೆ, ಅಥವಾ ಹೆಣ್ಣುಮಗುವಿಗೆ ಎಂಟು ತುಂಬುವ ಮೊದಲೇ ಚಿಹ್ನೆಗಳು ಕಂಡರೆ ತಡಮಾಡಬಾರದು. ಎಡ ಮಣಿಕಟ್ಟಿನ ಒಂದು ಎಕ್ಸ್‌ರೇ ಎಲುಬಿನ ವಯಸ್ಸನ್ನು, ಅಂದರೆ ಉಳಿದಿರುವ ಕಾಲಾವಕಾಶವನ್ನು ಅಂದಾಜಿಸಲು ನೆರವಾಗುತ್ತದೆ. ಎತ್ತರ ಹೆಚ್ಚಿಸುತ್ತೇವೆಂದು ಜಾಹೀರಾತು ನೀಡುವ ಡಬ್ಬಿಯ ಪುಡಿಗಳ ಹಣದಲ್ಲಿ ಮೊಟ್ಟೆ, ಹಾಲು, ಕಡಲೆ, ಬೂತಾಯಿ ಮೀನು ಕೊಳ್ಳುವುದು ಲೇಸು. ಬೆಳಗ್ಗೆ ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದು ಶಾಲೆಗೆ ಓಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಊಟದೊಂದಿಗಿನ ಚಹಾ ಕಬ್ಬಿಣಾಂಶವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಶಾಲೆಯಲ್ಲಿ ಕೊಡುವ ವಾರದ ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಮಾತ್ರೆ ಎಸೆಯಬಾರದು.

ಎರಡನೆಯದು, ತಟ್ಟೆಯ ನ್ಯಾಯ. ಗಂಡುಮಗನಿಗೆ ಮಾಂಸದ ತುಂಡು, ಹೆಣ್ಣುಮಗಳಿಗೆ ಕೊನೆಯ ಪಂಕ್ತಿಯ ಸಾರು ಎಂಬ ಪದ್ಧತಿ ಇರುವ ಮನೆಯಲ್ಲಿ ಈ ಅವಕಾಶ ಸದ್ದಿಲ್ಲದೆ ಕೈತಪ್ಪುತ್ತದೆ. ಹೆಣ್ಣುಮಕ್ಕಳ ನೆಗೆತ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಐದಾರನೆಯ ತರಗತಿಯಲ್ಲಿರುವ ಹುಡುಗಿಗೆ ಅದೇ ವಯಸ್ಸಿನ ಹುಡುಗನಿಗಿಂತ ತುರ್ತು ಹೆಚ್ಚು.

ಮೂರನೆಯದು, ವಿವಾಹದ ವಯಸ್ಸು. ಮೈನೆರೆದ ಕೂಡಲೇ ಬೆಳವಣಿಗೆ ನಿಲ್ಲುವುದಿಲ್ಲ. ಅನಂತರವೂ ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಎತ್ತರ ಸೇರುತ್ತದೆ, ತಡವಾಗಿ ಬೆಳೆಯುವ ಹುಡುಗಿಗೆ ಈ ವರ್ಷಗಳೇ ಗಳಿಕೆಯ ವರ್ಷಗಳು. ಬಾಂಗ್ಲಾದೇಶದ ಗ್ರಾಮಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹದಿಹರೆಯದಲ್ಲಿ ಗರ್ಭಿಣಿಯರಾದವರ ಎತ್ತರದ ಬೆಳವಣಿಗೆ ನಿಂತಿತು, ಗರ್ಭ ಧರಿಸದ ಓರಗೆಯವರು ಬೆಳೆಯುತ್ತಲೇ ಇದ್ದರು. ಗರ್ಭಿಣಿಯರ ತೂಕ ಮತ್ತು ತೋಳಿನ ಕೊಬ್ಬು ಸಹ ಕುಗ್ಗಿತ್ತು. ಬಾಲ್ಯದಲ್ಲಿ ಹಸಿದ ಹುಡುಗಿಯನ್ನು ಹದಿನಾರಕ್ಕೆ ಮದುವೆ ಮಾಡಿಕೊಡುವುದು ಕಾನೂನಿನ ಉಲ್ಲಂಘನೆಯಷ್ಟೇ ಅಲ್ಲ. ಕಳೆದುಹೋದುದನ್ನು ಮರಳಿ ಪಡೆಯಲು ಅವಳ ದೇಹ ಉಳಿಸಿಕೊಂಡಿದ್ದ ಕಾಲವನ್ನೇ ನಾವು ಕಿತ್ತುಕೊಂಡಂತೆ. ಆ ಕೊರತೆ ಅವಳಲ್ಲೇ ನಿಲ್ಲದೆ, ಕಡಿಮೆ ತೂಕದಲ್ಲಿ ಹುಟ್ಟುವ ಅವಳ ಮಗುವಿಗೂ ವರ್ಗವಾಗುತ್ತದೆ.

ಎರಡನೆಯ ಅವಕಾಶ ಮೊದಲನೆಯದಕ್ಕೆ ಬದಲಿಯಲ್ಲ. ಅದು ಪೂರ್ತಿ ನಷ್ಟವನ್ನು ತುಂಬುವುದಿಲ್ಲ, ಹೆಚ್ಚು ಕಾಲ ಕಾಯುವುದೂ ಇಲ್ಲ. ಮನೆಯಲ್ಲಿ ಎಂಟರಿಂದ ಹದಿನೇಳರ ನಡುವಿನ ಮಕ್ಕಳಿರುವವರು ಇಂದು ರಾತ್ರಿ ಗೋಡೆಯ ಮೇಲೆ ಒಂದು ಗುರುತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಆರು ತಿಂಗಳ ನಂತರ ಎರಡನೆಯ ಗುರುತು ಎಲ್ಲಿ ಬೀಳುತ್ತದೆ ಎಂಬುದನ್ನು ಈ ನಡುವಿನ ಊಟದ ತಟ್ಟೆ ಬಹುಮಟ್ಟಿಗೆ ತೀರ್ಮಾನಿಸಲಿದೆ.