ಕೆಸರು ಯಾರ ಕೈ, ಮೊಸರು ಯಾರ ಬಾಯಿ: ಹಬ್ಬದ ತಲೆಬರಹಗಳ ಕನ್ನಡ

(ದುಬೈಯ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನವೆಂಬರ್ 1ರ ರಾಜ್ಯೋತ್ಸವದಿಂದ ಡಿಸೆಂಬರ್ 2ರ ಈ ನಾಡಿನ ಒಕ್ಕೂಟದ ದಿನದವರೆಗೆ ದುಬೈ, ಅಬುಧಾಬಿಯ ಕನ್ನಡಿಗರಿಗೆ ಬಿಡುವಿರುವುದಿಲ್ಲ. ದೀಪಾವಳಿಯೂ ಅದೇ ಆಸುಪಾಸಿನಲ್ಲಿ ಬರುತ್ತದೆ. ಆಹ್ವಾನಪತ್ರ, ಬ್ಯಾನರು, ಸ್ಮರಣ ಸಂಚಿಕೆ ಎಲ್ಲಕ್ಕೂ ತಲೆಬರಹ ಬೇಕು. ಕೆಲವು ವರ್ಷಗಳಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಹಬ್ಬದ ತಲೆಬರಹಕ್ಕೆ ಗಾದೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ನನಗೆ ಕಲಿಸಿದ್ದು ಆ ತಪ್ಪೇ.

ಒಂದು ರಾಜ್ಯೋತ್ಸವದ ಹೊತ್ತಿಗೆ ನಮ್ಮವರು ಕೆಲವರು ಕಾರ್ಮಿಕರ ವಸತಿಗೆ ಹೋಗಿ ಹೋಳಿಗೆ ಊಟ ಬಡಿಸಿ ಬಂದಿದ್ದರು. ಅದರ ಚಿತ್ರಪುಟ ಸಂಚಿಕೆಯಲ್ಲಿ ಬರಬೇಕಿತ್ತು. ಪುಟದ ಖರ್ಚು ಹೊತ್ತವರು ಇಂಗ್ಲಿಷಿನ ಒಂದು ಸಾಲನ್ನು ಕಳಿಸಿದ್ದರು. ಯಾರೋ ಅದನ್ನು ‘ಈ ರಾಜ್ಯೋತ್ಸವ, ಹರಡಿ ನಗು’ ಎಂದು ಕನ್ನಡಕ್ಕೆ ತಂದಿದ್ದರು. ಓದಿದ ಕೂಡಲೇ ಇದು ನಮ್ಮ ಮಾತಲ್ಲ ಎಂದು ಕಿವಿ ಹೇಳಿತು. ಏಕೆ ಎಂದು ಬಿಡಿಸಿ ನೋಡಿದರೆ ಮೂರು ಕಾರಣಗಳು ಸಿಕ್ಕವು. ಮೊದಲನೆಯದು, ವಿಭಕ್ತಿಯಿಲ್ಲದೆ ಒಂಟಿಯಾಗಿ ನಿಂತ ‘ಈ ರಾಜ್ಯೋತ್ಸವ’. ನಾವು ‘ಈ ಹಬ್ಬಕ್ಕೆ’, ‘ಈ ಸಲದ ಹಬ್ಬದಲ್ಲಿ’ ಎನ್ನುತ್ತೇವೆ. ಬರೀ ‘ಈ ಹಬ್ಬ’ ಎಂದು ನಿಲ್ಲಿಸಿದರೆ ಮುಂದೆ ಹಬ್ಬವೇ ಏನನ್ನೋ ಮಾಡಬೇಕು. ಎರಡನೆಯದು, ಕ್ರಿಯಾಪದ ಮುಂದೆ, ಕರ್ಮಪದ ಹಿಂದೆ. ‘ಮನೆಗೆ ತನ್ನಿ ಸಂಭ್ರಮ’ ಎಂಬ ಜಾಹೀರಾತುಗಳಲ್ಲಿ ಇದು ದಿನವೂ ಕಾಣುತ್ತದೆ. ಕನ್ನಡದಲ್ಲಿ ಪದಗಳ ಜಾಗ ಸಡಿಲ, ನಿಜ. ಆದರೆ ಹಾಗೆ ತಿರುವಿದ ಮಾತಿಗೆ ಒಂದು ಒತ್ತು ಬರುತ್ತದೆ, ಆ ಒತ್ತಿಗೆ ಇಲ್ಲಿ ಕಾರಣವೇ ಇರಲಿಲ್ಲ. ಮೂರನೆಯದು ‘ಹರಡು’. ನಮ್ಮ ಪತ್ರಿಕೆಗಳ ಕನ್ನಡದಲ್ಲಿ ರೋಗ ಹರಡುತ್ತದೆ, ಬೆಂಕಿ ಹರಡುತ್ತದೆ, ವದಂತಿ ಹರಡುತ್ತದೆ. ನಗುವನ್ನು ಆ ಸಾಲಿನಲ್ಲಿ ಕೂರಿಸುವುದು ಸರಿಯೆನಿಸಲಿಲ್ಲ.

ಆ ಸಾಲನ್ನು ತೆಗೆದು ನಾನು ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಹಾಕಿದೆ. ದುಡಿಯುವವರ ಚಿತ್ರ, ಊಟದ ಎಲೆ, ಎಲ್ಲರಿಗೂ ಗೊತ್ತಿರುವ ಗಾದೆ. ಅಚ್ಚ ಕನ್ನಡ ಎಂದು ಬೀಗಿದೆ.

ಸಂಚಿಕೆಯ ಪ್ರತಿಗಳನ್ನು ಕೊಡಲು ಅದೇ ವಸತಿಗೆ ಹೋದಾಗ, ಯಾದಗಿರಿ ಕಡೆಯ ಒಬ್ಬರು ಪುಟ ತೆರೆದು ತಲೆಬರಹವನ್ನು ಗಟ್ಟಿಯಾಗಿ ಓದಿದರು. ಗಾರೆ ಕೆಲಸದವರು. ಒಂದು ಗಳಿಗೆ ಸುಮ್ಮನಿದ್ದು, ನಕ್ಕು ಹೇಳಿದರು: “ಕೈ ಕೆಸರು ನಂದ್ರೀ ಸರ, ಬಾಯಿ ಮೊಸರು ಏಜೆಂಟಂದ್ರಿ.” ಸುತ್ತ ಕೂತವರೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ. ಇಲ್ಲಿಗೆ ಬರಲು ಊರಿನ ಏಜೆಂಟನಿಗೆ ಕೊಟ್ಟ ದುಡ್ಡಿಗೆ ಅವರು ಬಡ್ಡಿಯ ಸಾಲ ಮಾಡಿದ್ದರು. ಮೊದಲ ಎರಡು ವರ್ಷ ಕಳಿಸಿದ್ದೆಲ್ಲ ಆ ಸಾಲಕ್ಕೇ ಹೋಗಿತ್ತು. ಈ ದೇಶದಲ್ಲಿ 2009ರಿಂದ ವೇತನ ರಕ್ಷಣಾ ವ್ಯವಸ್ಥೆ ಇದೆ, ಸಂಬಳ ಸಂದಿದೆಯೇ ಎಂಬುದಕ್ಕೆ ಲೆಕ್ಕ ಉಳಿಯುತ್ತದೆ. ಆದರೆ ಸಂದ ಸಂಬಳ ಊರಿನಲ್ಲಿ ಯಾರ ಕೈ ಸೇರಿತು ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ.

ಭಾಷೆಯ ಮಟ್ಟಿಗೆ ನನ್ನ ತಲೆಬರಹದಲ್ಲಿ ಕುಂದಿರಲಿಲ್ಲ. ತಪ್ಪಿದ್ದು ಬೇರೆ ಕಡೆ. ಗಾದೆ ಅಲಂಕಾರಕ್ಕೆ ಸಿಗುವ ಹೂವಿನ ಹಾಗಲ್ಲ. ಅದು ಒಂದು ತೀರ್ಪು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರೆ ದುಡಿದವನಿಗೆ ಫಲ ಸಿಕ್ಕೇ ಸಿಗುತ್ತದೆ ಎಂಬ ತೀರ್ಪು. ಫಲ ಸಿಗದವನ ಚಿತ್ರದ ಮೇಲೆ ಅದನ್ನು ಬರೆದರೆ ಎರಡರಲ್ಲಿ ಒಂದು ಅರ್ಥ ಹೊರಡುತ್ತದೆ: ಗಾದೆ ಸುಳ್ಳು, ಇಲ್ಲವೇ ಅವನು ದುಡಿದಿಲ್ಲ. ಒಂದು ಹೊತ್ತಿನ ಹೋಳಿಗೆಯನ್ನೇ ನಾನು ಅವರ ಮೊಸರು ಎಂದು ಕರೆದಿದ್ದೆ.

ಇನ್ನೊಂದನ್ನೂ ಗಮನಿಸಿ. ನಾನು ವಾರಗಟ್ಟಲೆ ತಿಣುಕಿದರೂ ಹುಟ್ಟದ ತಲೆಬರಹ ಆ ಮನುಷ್ಯನ ಬಾಯಲ್ಲಿ ಒಂದೇ ಗಳಿಗೆಗೆ ಹುಟ್ಟಿತು. ಹೇಗೆ? ಅವರು ಗಾದೆಯ ಜೋಡಣೆಯನ್ನು ಮುಟ್ಟಲಿಲ್ಲ. ಕೈ–ಬಾಯಿ, ಕೆಸರು–ಮೊಸರು ಎಂಬ ಎರಡು ಜೋಡಿಗಳೂ ಅವುಗಳ ಪ್ರಾಸವೂ ಹಾಗೆಯೇ ಉಳಿದವು. ‘ಆದರೆ’ ಎಂಬ ಷರತ್ತನ್ನು ತೆಗೆದು ‘ನಂದು’, ‘ಏಜೆಂಟಂದು’ ಎಂಬ ಒಡೆತನವನ್ನು ಸೇರಿಸಿದರು, ಅಷ್ಟೆ. ಕೇಳುವವನ ಮನಸ್ಸಿನಲ್ಲಿ ಹಳೆಯ ಗಾದೆ ಪೂರ್ತಿಯಾಗಿ ಇರುತ್ತದೆ, ಅದರ ಪಕ್ಕದಲ್ಲಿ ಹೊಸದು ಬಂದು ನಿಲ್ಲುತ್ತದೆ. ಎರಡರ ನಡುವಿನ ಅಂತರವೇ ಸುದ್ದಿ. ಹೆಚ್ಚು ಪದಗಳನ್ನು ಬದಲಿಸಿದರೆ ಹಳೆಯದರ ನೆನಪಾಗುವುದಿಲ್ಲ, ಬದಲಿಸದೆ ಬಿಟ್ಟರೆ ಹೊಸದು ಹುಟ್ಟುವುದಿಲ್ಲ. ಮುಂದಿನ ವರ್ಷದ ಸಂಚಿಕೆಯಲ್ಲಿ ಏಜೆಂಟರ ಸಾಲದ ಬಗ್ಗೆಯೇ ಒಂದು ಬರಹ ಮಾಡಿಸಿ ‘ಕೆಸರು ಯಾರ ಕೈ, ಮೊಸರು ಯಾರ ಬಾಯಿ?’ ಎಂದು ತಲೆಬರಹ ಕೊಟ್ಟೆವು. ಪ್ರಶ್ನೆ ಕೇಳಿದ ಮೇಲೆ ಕೆಳಗಿನ ಬರಹ ಉತ್ತರ ಕೊಡಲೇಬೇಕಾಯಿತು. ಒಳ್ಳೆಯ ತಲೆಬರಹ ಬರಹವನ್ನೂ ನೆಟ್ಟಗೆ ಕೂರಿಸುತ್ತದೆ.

ಇದೇ ಗಾದೆ ಹಬ್ಬದ ನಲಿವಿಗೂ ಒದಗುತ್ತದೆ. ಚೌತಿಗೆ ಮುಂಚೆ ನಮ್ಮ ಮಕ್ಕಳು ಜೇಡಿಮಣ್ಣಿನಲ್ಲಿ ಗಣಪನನ್ನು ಮಾಡಲು ಕೂತಾಗ ‘ಕೈ ಕೆಸರಾಯಿತು, ಗಣಪನ ಹೆಸರಾಯಿತು’ ಎಂದು ಹಾಕಿದ್ದೆವು. ಇಲ್ಲಿ ಕೆಸರು ನಿಜವಾದ ಕೆಸರು, ಮೊಸರಿನ ಜಾಗಕ್ಕೆ ಅದೇ ಪ್ರಾಸದ ‘ಹೆಸರು’ ಬಂತು. ಮಾಡಿದ ಮೂರ್ತಿ ಡೊಂಕಾದ ಮಕ್ಕಳ ಚಿತ್ರಕ್ಕೆ ‘ಗಣೇಶನನ್ನು ಮಾಡಲು ಹೋಗಿ…’ ಎಂಬ ಅರ್ಧ ಸಾಲೇ ಸಾಕಾಯಿತು. ‘ಅವರಪ್ಪನನ್ನು ಮಾಡಿದ’ ಎಂಬ ಉಳಿದರ್ಧವನ್ನು ಓದುಗರೇ ತುಂಬಿಕೊಂಡು ನಕ್ಕರು.

ಓದುಗರು ತುಂಬಿಕೊಳ್ಳುತ್ತಾರೆ ಎಂಬುದೇ ಗಾದೆಯ ಬಲ. ಅಪಾಯವಿರುವುದೂ ಅಲ್ಲಿಯೇ. ನೃತ್ಯ ಸ್ಪರ್ಧೆಯ ವರದಿಗೆ ‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂದು ಬರೆಯುವವರಿದ್ದಾರೆ. ಮೂಲದಲ್ಲಿ ಆ ಜಾಗದಲ್ಲಿ ಹೆಣ್ಣಿಗೆ ಒಂದು ಬೈಗುಳವಿದೆ. ತಲೆಬರಹದಲ್ಲಿ ಅದನ್ನು ತೊಳೆದಿರಬಹುದು, ಆದರೆ ಓದುವವನ ಮನಸ್ಸು ತೊಳೆದ ಜಾಗಕ್ಕೆ ಹಳೆಯ ಪದವನ್ನೇ ತಂದು ಕೂರಿಸುತ್ತದೆ. ಜಾತಿಯ ಹೆಸರಿರುವ ಗಾದೆಗಳದ್ದೂ ಇದೇ ಪಾಡು. ಆದ್ದರಿಂದ ಗಾದೆಯನ್ನು ತಿದ್ದುವ ಮುಂಚೆ ಅದರ ಪೂರ್ತಿ ರೂಪ ಗೊತ್ತಿರಬೇಕು. 1894ರಲ್ಲಿ ಬಂದ ಕಿಟ್ಟೆಲ್ ನಿಘಂಟಿನಲ್ಲಿ ಪದಗಳ ಜೊತೆಗೆ ಅನೇಕ ಗಾದೆಗಳೂ ಇವೆ. ನಾನು ಮೊದಲು ಅಲ್ಲಿ ಹುಡುಕುತ್ತೇನೆ. ಆಮೇಲೆ ಊರಿನ ಹಿರಿಯರೊಬ್ಬರಿಗೆ ಫೋನು ಮಾಡುತ್ತೇನೆ. ಅಂಗಡಿಯ ಹಬ್ಬದ ರಿಯಾಯಿತಿಗೆ ‘ಉಂಡೂ ಹೋದ, ಕೊಂಡೂ ಹೋದ’ ಎಂದು ಬರೆಯಲು ಹೊರಟಿದ್ದ ಗೆಳೆಯನೊಬ್ಬನನ್ನು ತಡೆದದ್ದು ಇಂಥ ಒಂದು ಫೋನೇ. ಆ ಮಾತು ಉಂಡ ಮನೆಗೆ ಟೋಪಿ ಹಾಕಿದವನನ್ನು ಕುರಿತದ್ದು. ಗಿರಾಕಿಯನ್ನು ಕಳ್ಳನೆಂದು ಕರೆದು ಅಂಗಡಿಗೆ ಆಹ್ವಾನಿಸಿದಂತಾಗುತ್ತಿತ್ತು.

ಇನ್ನು ಯಾರ ಕನ್ನಡ ಎಂಬ ಪ್ರಶ್ನೆ. ಯುಗಾದಿ ಬಂದರೆ ಎಲ್ಲರೂ ‘ಬೇವು ಬೆಲ್ಲ’ ಎಂದೇ ಬರೆಯುತ್ತಾರೆ. ಈ ಊರಿನ ಕನ್ನಡಿಗರಲ್ಲಿ ಕರಾವಳಿಯವರು ಬಹಳ. ತುಳುವರಿಗೆ ಹೊಸ ವರ್ಷ ಏಪ್ರಿಲ್ ನಡುವಿನ ಬಿಸು. ಬೇವುಬೆಲ್ಲ ಅವರಲ್ಲಿ ಹಲವರಿಗೆ ಪಠ್ಯಪುಸ್ತಕದಲ್ಲಿ ಓದಿದ ಸಂಗತಿ, ನಾಲಿಗೆಯ ನೆನಪಲ್ಲ. ಬಯಲುಸೀಮೆಯವನಿಗೆ ಸಹಜವೆನಿಸಿದ್ದು ಕರಾವಳಿಯವನಿಗೆ ಅನುವಾದದಂತೆ ಕೇಳಿಸಬಹುದು. ಅನುವಾದ ಇಂಗ್ಲಿಷಿನಿಂದಲೇ ಆಗಬೇಕೆಂದಿಲ್ಲ.

ಈದ್ ಹಬ್ಬದ ಮಾತು ಇನ್ನೂ ನಾಜೂಕು. ಅಪರೂಪಕ್ಕೆ ಸಿಗುವವರನ್ನು ಉರ್ದುವಿನಲ್ಲಿ ಈದಿನ ಚಂದ್ರನಿಗೆ ಹೋಲಿಸುತ್ತಾರೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದ ತಲೆಬರಹಗಳನ್ನು ನೋಡಿದ್ದೇನೆ. ಕನ್ನಡದಲ್ಲಿ ಆ ಧ್ವನಿ ಹೊರಡುವುದಿಲ್ಲ. ಅಪರೂಪಕ್ಕೆ ನಮ್ಮಲ್ಲಿ ‘ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ’ ಇದೆ. ಎಳೆಯ ಚಂದ್ರನಿಗೆ ಒಂದು ಚೆಂದದ ಹೆಸರೂ ಇದೆ: ಬಿದಿಗೆ ಚಂದ್ರ. ಎಲ್ಲರೂ ಆಕಾಶ ನೋಡುತ್ತ ಕಾಯುವ ಆ ತೆಳು ಗೆರೆಗೆ ನಮ್ಮ ಹಳೆಯ ಹೆಸರು ಅದೇ. ಹಾಗಾಗಿ ಒಂದು ವರ್ಷ ‘ಬಿದಿಗೆ ಚಂದ್ರ, ಬೀದಿಗೆ ಹಬ್ಬ’ ಎಂದು ಬರೆದೆ. ಭಟ್ಕಳದ ಗೆಳೆಯರೊಬ್ಬರು “ಈ ಸಲ ನಮ್ಮ ಹಬ್ಬಕ್ಕೆ ಶುಭಾಶಯ ಹೇಳಲಿಲ್ಲ, ಹಬ್ಬವನ್ನೇ ಬರೆದಿರಿ” ಎಂದರು. ಮರುದಿನ ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು “ಅಂಕಲ್, ಬಿದಿಗೆ ಅಂದ್ರೆ ಏನು?” ಎಂದು ಕೇಳಿದಳು. ಅವಳ ಪ್ರಶ್ನೆಯೂ ಅಷ್ಟೇ ಮುಖ್ಯ. ಅಂದಿನಿಂದ ತಲೆಬರಹ ಆಟವಾಡಿದರೆ ಅದರ ಕೆಳಗಿನ ಸಣ್ಣ ಸಾಲು ಆಡಬಾರದು ಎಂದು ಇಟ್ಟುಕೊಂಡಿದ್ದೇನೆ. ಯಾವ ಹಬ್ಬ, ಎಲ್ಲಿ, ಏನಾಯಿತು ಎಂಬುದನ್ನು ಅದು ನೇರವಾಗಿ ಹೇಳಬೇಕು.

ಕೊನೆಯದಾಗಿ ಒಂದು ಮಾತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಆಡುಮಾತಿನ ಚುರುಕನ್ನು ತಲೆಬರಹಕ್ಕೆ ತಂದಿತು. ಮುಂದೆ ದಿನಪತ್ರಿಕೆಗಳಲ್ಲಿ ಪದದಾಟವೇ ದಿನಚರಿಯಾಯಿತು, ಬರಗಾಲಕ್ಕೂ ಚಟಾಕಿ ಹಾರತೊಡಗಿತು. ಆಡುವ ಮುಂಚೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ನಾನೀಗ ತಲೆಬರಹವನ್ನು ಅಚ್ಚಿಗೆ ಕೊಡುವ ಮುಂಚೆ ಚಿತ್ರದಲ್ಲಿರುವವರಿಗೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ತಟ್ಟನೆ ನಕ್ಕರೆ ಸರಿ. ಒಂದು ಗಳಿಗೆ ಸುಮ್ಮನಾಗಿ ಆಮೇಲೆ ನಕ್ಕರೆ, ಪೆನ್ನು ಅವರ ಕೈಗೆ ಕೊಡುತ್ತೇನೆ.