ಅಗ್ಗದ ದರ ಕೆಳಗೇಕೆ ಇಳಿಯುತ್ತದೆ?



ಕೊಡಗಿನ ಕಕ್ಕಬ್ಬೆಯ ಕಾಫಿ ತೋಟದಲ್ಲೊಂದು ಹೋಮ್‌ಸ್ಟೇ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನವರೊಬ್ಬರು ದರ ಹೋಲಿಕೆ ಜಾಲತಾಣ ತೆರೆಯುತ್ತಾರೆ. ಬುಕಿಂಗ್ ಕಂಪನಿಯೊಂದರ 4,000 ರೂಪಾಯಿ ಮೇಲೆ ದಪ್ಪಕ್ಷರದಲ್ಲಿ ಕಾಣುತ್ತದೆ. ಅದೇ ಕೊಠಡಿಗೆ ಮಾಲೀಕರೇ ಕೇಳುವ 3,600 ಕೆಳಗೆಲ್ಲೋ ಅಡಗಿರುತ್ತದೆ.

ಹೋಲಿಕೆ ತಾಣ ಕೊಠಡಿ ಮಾರುವುದಿಲ್ಲ. ನಾವು ಒಂದು ದರವನ್ನು ಒತ್ತಿ ಮಾರಾಟಗಾರನ ಪುಟಕ್ಕೆ ಹೋದರೆ, ಆ ಒಂದು ಕ್ಲಿಕ್ಕಿಗೆ ಮಾರಾಟಗಾರ ಹಣ ಕೊಡುತ್ತಾನೆ. ಎಷ್ಟು ಕೊಡಬಲ್ಲ ಎಂಬುದೇ ಇಲ್ಲಿನ ಗುಟ್ಟು. ಉದಾಹರಣೆಗೊಂದು ಲೆಕ್ಕ ಹಾಕೋಣ. ಕಂಪನಿಯ ಕಮಿಷನ್ ಶೇ. 20 ಆದರೆ ಒಂದು ಬುಕಿಂಗ್‌ಗೆ 800 ರೂಪಾಯಿ. ನೂರು ಕ್ಲಿಕ್ಕಿಗೆ ಎರಡು ಬುಕಿಂಗ್ ಆದರೆ ಕ್ಲಿಕ್ಕಿಗೆ 16 ರೂಪಾಯಿವರೆಗೂ ಕೊಟ್ಟು ನಷ್ಟವಿಲ್ಲದೆ ನಿಲ್ಲಬಹುದು. ನಮ್ಮ ಮಾಲೀಕರಿಗೆ ಕಂಪನಿಯ ಮೂಲಕ 3,200 ಸಿಗುತ್ತದೆ, ನೇರವಾಗಿ ಮಾರಿದರೆ 3,600. ಲಾಭದ ಅಂತರ 400. ಅಪರಿಚಿತ ಜಾಲತಾಣವಾದ್ದರಿಂದ ಇನ್ನೂರು ಕ್ಲಿಕ್ಕಿಗೆ ಒಂದೇ ಬುಕಿಂಗ್ ಬಂದರೆ, ಅವರು ಕೊಡಬಲ್ಲದ್ದು ಕ್ಲಿಕ್ಕಿಗೆ ಎರಡೇ ರೂಪಾಯಿ. ಕಮಿಷನ್ ಹೆಚ್ಚಿರುವವನಿಗೇ ಮೇಲಿನ ಜಾಗ ಕೊಳ್ಳುವ ತಾಕತ್ತು. ಆ ಕಮಿಷನ್ ಕೊನೆಗೆ ಸೇರುವುದು ಅತಿಥಿಯ ಬಿಲ್ಲಿಗೆ.

ಇದು ಬರಿಯ ಅನುಮಾನವಲ್ಲ. ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ದರ ಹೋಲಿಕೆ ತಾಣವಾದ ಟ್ರಿವಾಗೊದ ಪ್ರಕರಣದಲ್ಲಿ 2020ರಲ್ಲಿ ಇದನ್ನೇ ಕಂಡಿತು. ಯಾರು ಮೇಲೆ ಬರಬೇಕೆಂದು ತೀರ್ಮಾನಿಸುವಾಗ ಕ್ಲಿಕ್ಕಿನ ಬೆಲೆಗೆ ಆ ತಾಣ ಗಣನೀಯ ತೂಕ ಕೊಡುತ್ತಿತ್ತು. ಕಂಪನಿಯದೇ ದತ್ತಾಂಶದ ಪ್ರಕಾರ ಶೇ. 66.8ರಷ್ಟು ಪಟ್ಟಿಗಳಲ್ಲಿ ಅಗ್ಗದ ದರ ಇದ್ದರೂ ದುಬಾರಿಯದೇ ಮೊದಲ ಸ್ಥಾನ ಪಡೆದಿತ್ತು. ಗೆರೆ ಹೊಡೆದು ತೋರಿಸಿದ ಹೆಚ್ಚಿನ ದರ ಕೆಲವೊಮ್ಮೆ ಐಷಾರಾಮಿ ಕೊಠಡಿಯದಾಗಿರುತ್ತಿತ್ತು, ಪಕ್ಕದಲ್ಲಿದ್ದದ್ದು ಸಾಧಾರಣ ಕೊಠಡಿ. 2022ರಲ್ಲಿ 4.47 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಜಾಹೀರಾತು ಹೇಳುತ್ತಿದ್ದದ್ದು ‘ಅತ್ಯುತ್ತಮ ದರ’ ಎಂದು. ಸಾಣೆ ಹಿಡಿದ ಸುಳ್ಳಿಗೆ ಇದು ದೊಡ್ಡ ಬೆಲೆಯೇನಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ತೊಡಕು ಇನ್ನೊಂದಿದೆ. ಬೇರೆಡೆ ಕಡಿಮೆ ದರಕ್ಕೆ ಕೊಡಬಾರದೆಂದು ಬುಕಿಂಗ್ ಕಂಪನಿ ಕರಾರು ಹಾಕಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಇಂಥ ಕರಾರುಗಳೂ ಒಂದು ಕಾರಣವಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ ದಂಡ ವಿಧಿಸಿ, ಕರಾರು ಬದಲಿಸಲು ಆದೇಶಿಸಿತು.

2020ರ ಇ-ಕಾಮರ್ಸ್ ನಿಯಮಗಳು, ಶ್ರೇಯಾಂಕದ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕೆಂದು ಮಾರುಕಟ್ಟೆ ತಾಣಗಳಿಗೆ ಹೇಳುತ್ತವೆ. ಕೊಠಡಿ ಮಾರದೆ ದಾರಿ ಮಾತ್ರ ತೋರುವ ಹೋಲಿಕೆ ತಾಣಕ್ಕೂ ಇದು ಅನ್ವಯಿಸಬೇಕೇ? ಇದು ಇಲ್ಲಿ ಚರ್ಚೆಯಾಗಬೇಕಾದ ಪ್ರಶ್ನೆ.

ಅದಕ್ಕೆ ಪುರಾವೆ ಬೇಕು. ಒಂದೇ ದಿನಾಂಕ, ಒಂದೇ ಕೊಠಡಿ, ಒಂದೇ ಊಟದ ಷರತ್ತು ಹಿಡಿದು, ತೆರಿಗೆ ಸೇರಿಸಿ, ಅಗ್ಗದ ದರ ಎಷ್ಟನೆಯ ಸಾಲಿನಲ್ಲಿದೆ ಎಂದು ಬರೆದಿಡಿ. ಹೋಮ್‌ಸ್ಟೇ ಮಾಲೀಕರು ತಾವು ಕೊಡುವ ಕಮಿಷನ್ ಪ್ರಮಾಣವನ್ನು ಹೆಸರಿಲ್ಲದೆಯಾದರೂ ಈ ಅಧ್ಯಯನಕ್ಕೆ ಕೊಡಬೇಕೆಂದು ಕೋರುತ್ತೇನೆ.