ಮುಂಗಡದ ಪತ್ರದಲ್ಲಿ ಕಂತಿನ ಲೆಕ್ಕ

ಗಚ್ಚಿಬೌಲಿಯ ಕಚೇರಿಗಳಲ್ಲಿ ಕೆಲಸ ಮಾಡುವ ರಾಯಚೂರು, ಬೀದರ, ಕಲಬುರಗಿ ಕಡೆಯ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಊರಲ್ಲಿ ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಬೇಕಂತೆ. ಸಂಬಳದ ಮುಂಗಡಕ್ಕೆ ಪತ್ರ ಹೇಗೆ ಬರೆಯಲಿ?’

ಕಷ್ಟವನ್ನು ಉದ್ದುದ್ದ ಹೇಳಿಕೊಂಡರೆ ಹಣ ಬೇಗ ಬರುತ್ತದೆ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ. ವರ್ಷಗಟ್ಟಲೆ ಸಂಬಳದ ಲೆಕ್ಕ ನೋಡಿದವನು ನಾನು. ಎರಡು ಪುಟದ ಪತ್ರಗಳೇ ನನ್ನ ಮೇಜಿನ ಮೇಲೆ ಹೆಚ್ಚು ದಿನ ಕೂತಿರುತ್ತಿದ್ದವು. ಓದಿ ಸಂಕಟವಾಗುತ್ತಿತ್ತು. ಆದರೆ ಎಷ್ಟು ಕೊಡಬೇಕು, ತಿಂಗಳಿಗೆ ಎಷ್ಟು ಹಿಡಿಯಬೇಕು ಅನ್ನುವುದು ಅವುಗಳಲ್ಲಿ ಇರುತ್ತಿರಲಿಲ್ಲ. ಅದನ್ನು ಕೇಳಿ ತಿಳಿಯುವಷ್ಟರಲ್ಲಿ ದಿನ ಕಳೆಯುತ್ತಿತ್ತು, ಆಸ್ಪತ್ರೆಯಲ್ಲಿ ಮನೆಯವರು ಕಾಯುತ್ತಿದ್ದರು.

ಒಂದು ಲೆಕ್ಕ ಹಾಕೋಣ. ಆಸ್ಪತ್ರೆಯ ಅಂದಾಜು 2,10,000 ರೂಪಾಯಿ. ಕಂಪನಿಯ ವಿಮೆಯಲ್ಲಿ ತಂದೆ ತಾಯಿ ಸೇರಿಲ್ಲ. ಮನೆಯಲ್ಲಿರುವುದು 90,000. ಹಾಗಾದರೆ ಕೇಳಬೇಕಾದದ್ದು 1,20,000, ಅದಕ್ಕಿಂತ ಹೆಚ್ಚಲ್ಲ.

ಈಗ ಕಂತು. ಇದನ್ನು ನೀವೇ ಬರೆಯಿರಿ. ಕೈಗೆ ಬರುವ ಸಂಬಳ 42,000 ಅನ್ನಿ. ನೀವು ಸುಮ್ಮನಿದ್ದರೆ ಕಚೇರಿ ನಾಲ್ಕು ಕಂತು ಮಾಡಬಹುದು. ತಿಂಗಳಿಗೆ 30,000 ಹೋದರೆ ಉಳಿಯುವುದು 12,000, ಬಾಡಿಗೆಗೇ 14,000 ಬೇಕು. ಹತ್ತು ಕಂತಾದರೆ 12,000 ಹೋಗಿ 30,000 ಉಳಿಯುತ್ತದೆ. ಪಿಎಫ್‌ ಸೇರಿ ಎಲ್ಲ ಕಡಿತವೂ ಸಂಬಳದ ಅರ್ಧ ಮೀರಬಾರದೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಆದರೆ ಅರ್ಧ ಅನ್ನುವುದು ಕಾನೂನಿನ ಗಡಿ, ನಿಮ್ಮ ಮನೆ ನಡೆಯುವ ಗಡಿ ಬೇರೆ. ಬಾಡಿಗೆ, ರೇಷನ್, ಊರಿಗೆ ಹೋಗಿಬರುವ ಬಸ್ಸಿನ ಖರ್ಚು, ಆಪರೇಷನ್ ಆದ ಮೇಲಿನ ಮಾತ್ರೆ ಎಲ್ಲ ಎಣಿಸಿ, ಆಮೇಲೆ ಕಂತು ಬರೆಯಿರಿ. ಮತ್ತೆ ಹೇಳುತ್ತೇನೆ, ಕಂತನ್ನು ನೀವೇ ಬರೆಯಿರಿ. ನಾನು ಕಲಿತದ್ದು ಹೀಗೆಯೇ. ತಂಗಿಯ ಹೆರಿಗೆಯ ಸಮಯದಲ್ಲಿ ಕಂತಿನ ಮಾತೆತ್ತದೆ ಮುಂಗಡ ತೆಗೆದುಕೊಂಡು, ಮುಂದಿನ ತಿಂಗಳು ಬಾಡಿಗೆಗೆ ಸಾಲ ಮಾಡಿದೆ.

ಪತ್ರ ಇಷ್ಟೇ ಇರಲಿ: ‘ಮಾನ್ಯರೇ, ನನ್ನ ತಂದೆಗೆ ತುರ್ತು ಹೃದಯ ಚಿಕಿತ್ಸೆ ಆಗಬೇಕಿದೆ. ಆಸ್ಪತ್ರೆಯ ಅಂದಾಜು ಪಟ್ಟಿ ಲಗತ್ತಿಸಿದ್ದೇನೆ. 1,20,000 ರೂಪಾಯಿ ಮುಂಗಡವನ್ನು ಸಂಬಳದ ದಿನಕ್ಕೆ ಕಾಯದೆ, ಗುರುವಾರದೊಳಗೆ ನನ್ನ ಖಾತೆಗೆ ಹಾಕಬೇಕೆಂದು ಕೋರುತ್ತೇನೆ. ಬರುವ ತಿಂಗಳ ನಂತರದ ಸಂಬಳದಿಂದ ತಲಾ 12,000ದಂತೆ ಹತ್ತು ಕಂತಿನಲ್ಲಿ ಹಿಡಿಯಲು ಒಪ್ಪಿದ್ದೇನೆ. ನಡುವೆ ಕೆಲಸ ಬಿಟ್ಟರೆ ಬಾಕಿಯನ್ನು ಅಂತಿಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದು.’

ಆ ಕೊನೆಯ ಸಾಲು ಬರೆಯಲು ಹಿಂಜರಿಯುವವರೇ ಹೆಚ್ಚು. ಕೊಡುವವರ ಮನಸ್ಸಿನಲ್ಲಿರುವ ಭಯವೂ ಅದೇ, ಅದಕ್ಕೆ ಉತ್ತರ ಮೊದಲೇ ಸಿಕ್ಕರೆ ಸಹಿ ಬೇಗ ಬೀಳುತ್ತದೆ. ಕಾಯಿಲೆಯ ಪೂರ್ತಿ ವರದಿ ಲಗತ್ತಿಸಬೇಕಿಲ್ಲ, ಅಂದಾಜು ಪಟ್ಟಿ ಸಾಕು. ಮೇಲ್ ಕಳಿಸಿ ಸುಮ್ಮನೆ ಕೂರಬೇಡಿ. ಮ್ಯಾನೇಜರಿಗೆ ಒಂದು ಫೋನ್ ಮಾಡಿ, ಸಂಬಳ ವಿಭಾಗಕ್ಕೂ ಪ್ರತಿ ಹೋಗಲಿ. ಒಪ್ಪಿಗೆ ಬಾಯಿಮಾತಿನಲ್ಲಿ ಬಂದರೆ, ಕಂತಿನ ಲೆಕ್ಕ ಸಮೇತ ಅದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಮೊದಲ ಕಡಿತದ ತಿಂಗಳಲ್ಲಿ ಸಂಬಳದ ಚೀಟಿ ತೆರೆದು, 12,000 ಅಂತಲೇ ಇದೆಯೇ ನೋಡಿ.